ಏಳೆಂಟ್ಲ ಎಷ್ಟು? ಓಡಿ ಬಂದು ಬರೆ!

ಮೂರನೇ ತರಗತಿಯ ಮಗುವನ್ನು ‘ಏಳೆಂಟ್ಲ ಎಷ್ಟು?’ ಎಂದು ಕೇಳಿ, ಅದರ ತುಟಿಯನ್ನು ನೋಡಿ. ಬಹಳಷ್ಟು ಮಕ್ಕಳು ‘ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು’ ಎಂದು ಒಳಗೊಳಗೇ ಮೊದಲಿನಿಂದ ಶುರು ಮಾಡುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದಲೇ. ಸಂಜೆ ದೀಪ ಹಚ್ಚಿದ ಮೇಲೆ ಸಾಲಾಗಿ ಕೂತು ಮಗ್ಗಿ ಹೇಳುತ್ತಿದ್ದ ಕಾಲದಿಂದಲೂ ಈ ತೊಂದರೆ ಇದೆ. ಉರು ಹೊಡೆದ ಮಗ್ಗಿ ಹಾಡಾಗಿ ನೆನಪಿನಲ್ಲಿ ಕೂರುತ್ತದೆ, ಆದರೆ ಅದರ ನಡುವಿನಿಂದ ಒಂದು ಸಾಲನ್ನು ಮಾತ್ರ ಎತ್ತಿಕೊಳ್ಳಲು ಮಗುವಿಗೆ ಬರುವುದಿಲ್ಲ. ಬಾಯಿಪಾಠವೆಂದರೆ ಮುಖ ಸಿಂಡರಿಸುವ ಮಕ್ಕಳಿಗಂತೂ ಹಾಡೂ ಪೂರ್ತಿ ಬಂದಿರುವುದಿಲ್ಲ.

ಇಂಥ ಮಕ್ಕಳಿಗಾಗಿ ಅನೇಕ ಶಾಲೆಗಳಲ್ಲಿ ಮಗ್ಗಿಯ ರಿಲೇ ಆಡಿಸುತ್ತಾರೆ. ತಂಡದ ಒಬ್ಬೊಬ್ಬರೇ ಓಡಿಬಂದು ಹಲಗೆಯ ಮೇಲೆ ಮುಂದಿನ ಸಂಖ್ಯೆ ಬರೆದು, ಸೀಮೆಸುಣ್ಣವನ್ನು ಮುಂದಿನವರ ಕೈಗೆ ಕೊಡಬೇಕು. ಮಕ್ಕಳು ಖುಷಿಯಿಂದ ಕಿರುಚಾಡುತ್ತಾರೆ, ನಿಜ. ಆದರೆ 7, 14, 21 ಎಂದು ಕ್ರಮವಾಗಿಯೇ ಬರೆಸಿದರೆ ಅದು ಓಡುತ್ತಾ ಹೇಳುವ ಬಾಯಿಪಾಠ ಅಷ್ಟೇ. ಮೊದಲು ನಿಂತವನಿಗೆ ಪ್ರತಿ ಸಲವೂ 7 ಸಿಗುತ್ತದೆ, ಕೊನೆಯ ಪುಟ್ಟ ಹುಡುಗಿಯ ಪಾಲಿಗೆ ಯಾವಾಗಲೂ 56 ಬರುತ್ತದೆ. ಆಟದ ನಿಯಮವನ್ನು ಸ್ವಲ್ಪ ಬದಲಿಸಿದರೆ ಸಾಕು, ಇದೇ ರಿಲೇ ಬೇರೆಯದೇ ಕೆಲಸ ಮಾಡುತ್ತದೆ.

ಅಂಗಳದಲ್ಲಿ ಕುಂಟೆಬಿಲ್ಲೆಗೆ ಗೀಚುವ ಹಾಗೆ ಪ್ರತಿ ತಂಡಕ್ಕೂ ಉದ್ದಕ್ಕೆ 10 ಮನೆಗಳನ್ನು ಬರೆಯಿರಿ. ಪ್ರತಿ ಮನೆಯ ಮೇಲೆ 1ರಿಂದ 10ರವರೆಗೆ ಚಿಕ್ಕದಾಗಿ ಅಂಕಿ ಹಾಕಿ. ಏಳರ ಮಗ್ಗಿಯಾದರೆ ಐದನೆಯ ಮನೆಯಲ್ಲಿ 35, ಹತ್ತನೆಯ ಮನೆಯಲ್ಲಿ 70 ಎಂದು ಶಿಕ್ಷಕರೇ ಮೊದಲು ಬರೆದಿಡಬೇಕು. ತಂಡದಲ್ಲಿ ನಾಲ್ಕೇ ಮಕ್ಕಳಿರಲಿ. ಉಳಿದಿರುವುದು 8 ಮನೆ, ಅಂದರೆ ಪ್ರತಿಯೊಬ್ಬರಿಗೂ ಎರಡೆರಡು ಓಟ. ಓಡಿಬಂದ ಮಗು ತನಗೆ ತೋಚಿದ ಯಾವ ಖಾಲಿ ಮನೆಯನ್ನಾದರೂ ತುಂಬಬಹುದು. ಇಲ್ಲವೇ ಹಿಂದಿನವರು ಬರೆದ ಒಂದು ತಪ್ಪನ್ನು ಅಳಿಸಿ ತಿದ್ದಬಹುದು. ಒಂದು ಓಟಕ್ಕೆ ಇವೆರಡರಲ್ಲಿ ಒಂದೇ ಕೆಲಸ. ತಿದ್ದುವುದಕ್ಕೆ ಹೋದ ಓಟಗಳನ್ನು ತಂಡಕ್ಕೆ ಮರಳಿ ಕೊಡಬೇಕು, ಎಲ್ಲ ಮನೆಯೂ ಸರಿಯಾಗಿ ತುಂಬಿದಾಗಲೇ ಆಟ ಮುಗಿಯುವುದು.

ಏನಾಗುತ್ತದೆ ನೋಡಿ. 7, 14, 21ರ ಮನೆಗಳು ಬೇಗ ತುಂಬುತ್ತವೆ, ಹಿಂಜರಿಯುವ ಮಗುವೂ ಅವನ್ನು ಬರೆದು ನಗುತ್ತಾ ಓಡುತ್ತದೆ. ಕಷ್ಟದವು ಕೊನೆಗೆ ಉಳಿಯುತ್ತವೆ, ಆದರೆ ಅಷ್ಟರಲ್ಲಿ ಅವುಗಳ ಅಕ್ಕಪಕ್ಕ ತುಂಬಿರುತ್ತದೆ. 9ನೆಯ ಮನೆಗೆ ಬಂದವಳು 70ರಲ್ಲಿ 7 ಕಳೆದು 63 ಬರೆಯುತ್ತಾಳೆ. 6ನೆಯ ಮನೆಗೆ 35ಕ್ಕೆ 7 ಕೂಡಿದರಾಯಿತು. ಇಲ್ಲಿ ಒಬ್ಬ ಅವಸರದಲ್ಲಿ 41 ಎಂದು ಬರೆದ ಎನ್ನಿ. ಅದನ್ನೇ ನಂಬಿ ಮುಂದಿನವನು 7ನೆಯ ಮನೆಯಲ್ಲಿ 48 ಬರೆದ. ಮೂರನೆಯವಳು 63ರಿಂದ ಹಿಂದೆ ಬಂದು 8ನೆಯ ಮನೆಯಲ್ಲಿ 56 ಬರೆದಳು. ಈಗ 48ಕ್ಕೂ 56ಕ್ಕೂ ನಡುವೆ ಎಂಟರ ವ್ಯತ್ಯಾಸ! ಬಗ್ಗಿ ಬರೆದವಳು ಏಳುವಾಗ ಒಂದು ಕ್ಷಣ ನಿಂತು ನೋಡುತ್ತಾಳೆ, ಓಡಿಹೋಗಿ ಗೆಳೆಯನ ಕಿವಿಯಲ್ಲಿ ಹೇಳುತ್ತಾಳೆ. ಅವನು ಬಂದು 48 ಅಳಿಸಿ 49 ಮಾಡುತ್ತಾನೆ. ಆಗ ಎಂಟರ ವ್ಯತ್ಯಾಸ ಒಂದು ಮನೆ ಹಿಂದೆ ಸರಿದು 41ಕ್ಕೂ 49ಕ್ಕೂ ನಡುವೆ ಕೂರುತ್ತದೆ. ಇನ್ನೊಬ್ಬ ಬಂದು 35ರಿಂದ ಎಣಿಸಿ 42 ಎಂದು ತಿದ್ದುತ್ತಾನೆ. ಶಿಕ್ಷಕರು ಬಾಯಿ ಬಿಡಬೇಕಾದ್ದೇ ಇಲ್ಲ. ಬರೆದಿಟ್ಟ 35 ಮತ್ತು 70 ಎರಡು ಕಡೆಯಿಂದ ಹಿಡಿದುಕೊಂಡಿರುವುದರಿಂದ ತಪ್ಪು ತಾನಾಗಿ ಬಯಲಾಗುತ್ತದೆ. ಕ್ರಮವಾಗಿ ಬರೆಸುವ ರಿಲೇಯಲ್ಲಾದರೆ ಆ 41 ಮುಂದಿನ ಎಲ್ಲವನ್ನೂ ಕೆಡಿಸಿ 69ಕ್ಕೆ ತಂದು ನಿಲ್ಲಿಸುತ್ತಿತ್ತು, ತಪ್ಪಿನ ಮೂಲ ಯಾವುದೆಂದು ಯಾರಿಗೂ ಕಾಣುತ್ತಿರಲಿಲ್ಲ.

ಈ ಆಟದ ಸಾರ ಇಷ್ಟೇ: ಗೊತ್ತಿರುವ ಪಕ್ಕದ ಸಂಖ್ಯೆಯಿಂದ ಗೊತ್ತಿಲ್ಲದ್ದಕ್ಕೆ ಒಂದು ಹೆಜ್ಜೆ. ಅದನ್ನು ಹಲವು ಸಲ ಇಟ್ಟ ಮಗುವಿಗೆ ಕ್ರಮೇಣ ಹೆಜ್ಜೆಯೂ ಬೇಡವಾಗುತ್ತದೆ.

ಒಂದೆರಡು ವಾರದ ನಂತರ ಮನೆಗಳನ್ನು ಬಿಟ್ಟು ಚೀಟಿಗೆ ಬರಬಹುದು. 10ರವರೆಗಿನ ಮಗ್ಗಿಯಲ್ಲಿ 100 ಗುಣಾಕಾರಗಳಿವೆ ಎಂದು ಮಕ್ಕಳು ಹೆದರುತ್ತಾರೆ. 3×8 ಮತ್ತು 8×3 ಒಂದೇ ಎಂದು ಗೊತ್ತಾದರೆ ಅವು 55ಕ್ಕೆ ಇಳಿಯುತ್ತವೆ. ಸುಲಭವಾದ 1, 2, 5 ಮತ್ತು 10ರವನ್ನು ತೆಗೆದರೆ ಉಳಿಯುವುದು ಬರೀ 21. ಈ 21ನ್ನು ಹಳೆಯ ಲಗ್ನಪತ್ರಿಕೆಯ ರಟ್ಟಿನ ಮೇಲೆ ಬರೆದು ಕಲಸಿಡಿ. ನೆಲದ ಮೇಲೆ ಉತ್ತರಗಳ ವೃತ್ತಗಳನ್ನು ಎಳೆಯಿರಿ. ಮಗು ಓಡಿಬಂದು ಒಂದು ಚೀಟಿ ಎತ್ತಿ ಅದರ ವೃತ್ತದಲ್ಲಿಟ್ಟು ಹೋಗಬೇಕು. ಗೊತ್ತಾಗದಿದ್ದರೆ ತಂಡವನ್ನು ಕೇಳಬಹುದು, ಆದರೆ ತಂಡ ಉತ್ತರ ಹೇಳುವಂತಿಲ್ಲ, ಪಕ್ಕದ್ದನ್ನು ಮಾತ್ರ ಹೇಳಬೇಕು. 6×8ಕ್ಕೆ ‘ಐದೆಂಟ್ಲ ನಲವತ್ತು’ ಎಂದರೆ ಸಾಕು. ವೃತ್ತಗಳನ್ನು 19 ಮಾತ್ರ ಬರೆಯಿರಿ, ಕಾರಣ ಹೇಳಬೇಡಿ. 24ರಲ್ಲಿ 3×8 ಇದ್ದಾಗಲೇ 4×6 ಹಿಡಿದುಕೊಂಡು ಬಂದ ಹುಡುಗ ತಬ್ಬಿಬ್ಬಾಗಿ, ಆಮೇಲೆ ಕಣ್ಣರಳಿಸುವುದನ್ನು ನೋಡಬೇಕು. 36ರಲ್ಲೂ ಹೀಗೆಯೇ ಆಗುತ್ತದೆ.

ಆಟ ಕೆಡುವುದು ಸಾಮಾನ್ಯವಾಗಿ ದೊಡ್ಡವರ ಕೈಯಿಂದ. ಸಾಲಿನಲ್ಲಿ ಎಂಟು ಹತ್ತು ಮಕ್ಕಳನ್ನು ನಿಲ್ಲಿಸಿದರೆ ಕಾಯುವವರು ತಳ್ಳಾಟ ಶುರು ಮಾಡುತ್ತಾರೆ, ಕಲಿಕೆ ಮುಂದೆ ನಿಂತವನಿಗಷ್ಟೇ. ಕೈಯಲ್ಲಿ ಗಡಿಯಾರ ಹಿಡಿದು ‘ಬೇಗ, ಬೇಗ’ ಎಂದು ಕೂಗಿದರೆ ನಿಧಾನಿಯಾದ ಮಗುವಿಗೆ ಗೊತ್ತಿದ್ದದ್ದೂ ಮರೆಯುತ್ತದೆ, ತಂಡ ಸೋತದ್ದು ತನ್ನಿಂದಲೇ ಎಂದು ಅದು ಆಟವನ್ನೇ ದ್ವೇಷಿಸತೊಡಗುತ್ತದೆ. ಮೊದಲು ಮುಗಿಸಿದವರಿಗೆ ಬಹುಮಾನ ಕೊಡುವ ಬದಲು, ಹೋದ ವಾರಕ್ಕಿಂತ ಕಡಿಮೆ ತಿದ್ದುಪಡಿಯಲ್ಲಿ ಮುಗಿಸಿದ ತಂಡಕ್ಕೆ ಚಪ್ಪಾಳೆ ಹೊಡೆಸಿ. ಓಡಲಾಗದ ಮಗು ತರಗತಿಯಲ್ಲಿದ್ದರೆ ಎಲ್ಲರೂ ಕೂತೇ ಆಡಲಿ. ಹತ್ತು ಮನೆ ಬರೆದ ಸ್ಲೇಟು ಕೈಯಿಂದ ಕೈಗೆ ಹೋದರೂ ಅದು ರಿಲೇಯೇ.

ಇನ್ನೊಂದು ಮಾತು. ಏಳರ ಮಗ್ಗಿಯೆಂದರೆ ಏಳೇಳರ ಗುಂಪುಗಳು ಎಂಬುದು ಗೊತ್ತಿಲ್ಲದ ಮಗುವಿಗೆ ಈ ಆಟ ಅದನ್ನು ಕಲಿಸುವುದಿಲ್ಲ. ಅದಕ್ಕೆ ಮೊದಲು ಹುಣಸೆಬೀಜಗಳನ್ನು ಸಾಲುಸಾಲಾಗಿ ಜೋಡಿಸಬೇಕು. 35ಕ್ಕೆ 7 ಕೂಡಲು ಬೆರಳು ಮಡಚುತ್ತಾ ತಡವರಿಸುವ ಮಗುವಿಗೆ ಕೊರತೆಯಿರುವುದು ಕೂಡುವುದರಲ್ಲಿ, ಅದನ್ನು ಗಟ್ಟಿ ಮಾಡಿಕೊಂಡು ಇಲ್ಲಿಗೆ ಬರಲಿ.

ಕಲಿತದ್ದು ಉಳಿಯಿತೇ ಎಂದು ತಿಳಿಯಲು ಆಟವಾದ ಎರಡು ದಿನದ ಮೇಲೆ ಮಗುವನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ‘ಏಳೆಂಟ್ಲ?’ ಎನ್ನಿ. ‘ಎಪ್ಪತ್ತರಲ್ಲಿ ಹದಿನಾಲ್ಕು ಕಳೆದರೆ…’ ಎಂದು ಶುರು ಮಾಡಿದರೂ ಆಟ ಕೆಲಸ ಮಾಡಿದೆ ಎಂದೇ ತಿಳಿಯಿರಿ. ‘ಏಳೊಂದ್ಲ ಏಳು’ ಎಂದರೆ ಬೈಯಬೇಡಿ, 35ರ ಮನೆಯಿಂದ ಇನ್ನಷ್ಟು ದಿನ ಆಡಿಸಿ. ಮನೆಯಲ್ಲಾದರೆ ಅಮ್ಮ, ಅಪ್ಪ, ಮಗು ಮೂವರೇ ಸಾಕು. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ, ವಾರಕ್ಕೆ ಮೂರು ದಿನ ಆಡಿ. ಗಡಿಯಾರವನ್ನು ಮಾತ್ರ ದಯವಿಟ್ಟು ದೂರವಿಡಿ.