ಸಾವರ್‌ಡೋ ಸ್ಟಾರ್ಟರ್: ಉಣಿಸುವ ಲೆಕ್ಕ, ಬೆಳೆಸುವ ಬಗೆ

ಸಾವರ್‌ಡೋ ಬ್ರೆಡ್ಡನ್ನು ಉಬ್ಬಿಸುವುದು ಅಂಗಡಿಯ ಯೀಸ್ಟ್ ಅಲ್ಲ, ಸ್ಟಾರ್ಟರ್. ಹಿಟ್ಟು ಮತ್ತು ನೀರನ್ನು ಕಲಸಿ ಹುಳಿ ಬರಿಸಿದ ಈ ಮಿಶ್ರಣದಲ್ಲಿ ತಾನಾಗಿ ನೆಲೆಯಾದ ಯೀಸ್ಟ್ ಗಾಳಿಗುಳ್ಳೆ ಎಬ್ಬಿಸುತ್ತದೆ, ಬ್ಯಾಕ್ಟೀರಿಯಾಗಳು ಹುಳಿ ಕೊಡುತ್ತವೆ. ಹಿಟ್ಟಿನ ಸಕ್ಕರೆ ಮುಗಿಯುತ್ತ ಬಂದಂತೆ ಆಮ್ಲ ಹೆಚ್ಚಿ ಯೀಸ್ಟ್ ಮಂಕಾಗುತ್ತದೆ. ಆಗ ಹಳೆಯದರಲ್ಲಿ ಸ್ವಲ್ಪವನ್ನು ಮಾತ್ರ ಉಳಿಸಿಕೊಂಡು, ಅದಕ್ಕೆ ಹೊಸ ಹಿಟ್ಟು ಮತ್ತು ನೀರು ಸೇರಿಸಬೇಕು. ಸ್ಟಾರ್ಟರ್‌ಗೆ ಉಣಿಸುವುದೆಂದರೆ ಇದೇ.

ಉಳಿದದ್ದನ್ನು ತೆಗೆಯುವುದು ದಂಡವೆನಿಸಬಹುದು. ಆದರೆ 30 ಗ್ರಾಂ ಸ್ಟಾರ್ಟರ್‌ಗೆ ಅಷ್ಟಷ್ಟೇ ನೀರು ಮತ್ತು ಹಿಟ್ಟು ಹಾಕಿ, ಏನನ್ನೂ ತೆಗೆಯದೆ ಹೋದರೆ ಅದು 90 ಗ್ರಾಂ ಆಗುತ್ತದೆ. ಇನ್ನೆರಡು ಬಾರಿ ಹಾಗೆಯೇ ಮಾಡಿದರೆ 810 ಗ್ರಾಂ. ಹಿಟ್ಟು ಉಳಿಸಬೇಕೆನ್ನುವವರು ಮೊದಲಿನಿಂದಲೂ ಕಡಿಮೆ ಸ್ಟಾರ್ಟರ್ ಇಟ್ಟುಕೊಳ್ಳುವುದೇ ಸರಿ. ಮನೆಯ ಬಳಕೆಗೆ 20–30 ಗ್ರಾಂ ಧಾರಾಳವಾಯಿತು.

ಉಣಿಸುವ ಪ್ರಮಾಣವನ್ನು 1:1:1, 1:2:2, 1:5:5 ಎಂದು ಬರೆಯುವ ರೂಢಿಯಿದೆ. ಇಲ್ಲಿ ಮೊದಲ ಅಂಕಿ ಸ್ಟಾರ್ಟರ್, ಎರಡನೆಯದು ನೀರು, ಮೂರನೆಯದು ಹಿಟ್ಟು. ಮೂರನ್ನೂ ತೂಗಿಯೇ ಹಾಕಬೇಕು. ಒಂದು ಕಪ್ ನೀರು ಸುಮಾರು 240 ಗ್ರಾಂ ತೂಗಿದರೆ, ಅದೇ ಕಪ್ಪಿನ ಮೈದಾ ಅದರ ಅರ್ಧದಷ್ಟೋ ತುಸು ಹೆಚ್ಚೋ ತೂಗುತ್ತದೆ. ಕಪ್ಪಿಗೆ ಕಪ್ ಅಳೆದರೆ ಮಿಶ್ರಣ ನೀರಾಗಿ, ಗುಳ್ಳೆಗಳು ನಿಲ್ಲದೆ ಒಡೆದುಹೋಗುತ್ತವೆ. ಸ್ಟಾರ್ಟರ್‌ನ ವಿಷಯದಲ್ಲಂತೂ ಚಮಚದ ಅಳತೆಯನ್ನು ನಂಬುವಂತೆಯೇ ಇಲ್ಲ. ಉಬ್ಬಿದಾಗ ಒಂದು ಚಮಚಕ್ಕೆ ಬರುವ ತೂಕ ಬೇರೆ, ಇಳಿದಾಗ ಬರುವ ತೂಕ ಬೇರೆ.

ಪ್ರಮಾಣ ಬದಲಿಸಿದರೆ ಬದಲಾಗುವುದು ಮುಖ್ಯವಾಗಿ ಸಮಯ. ಮೊಸರಿಗೆ ಹೆಪ್ಪು ಹೆಚ್ಚು ಹಾಕಿದರೆ ಬೇಗ, ಕಡಿಮೆ ಹಾಕಿದರೆ ತಡವಾಗಿ ಆಗುವಂತೆಯೇ ಇದು. ಅಡುಗೆಮನೆ 28 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಚುರುಕಾದ ಸ್ಟಾರ್ಟರ್ 1:1:1ರಲ್ಲಿ ಸುಮಾರು ಮೂರು–ನಾಲ್ಕು ಗಂಟೆಗೆ ಪೂರ್ತಿ ಉಬ್ಬುತ್ತದೆ, 1:5:5ರಲ್ಲಿ ಏಳೆಂಟು ಗಂಟೆ ಹಿಡಿಯುತ್ತದೆ. ಚಳಿಗಾಲದಲ್ಲಿ ಇನ್ನೂ ತಡ. ಕರಾವಳಿಯ ಬೇಸಿಗೆಯಲ್ಲಿ ರಾತ್ರಿ 1:1:1ರಲ್ಲಿ ಉಣಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಅದು ಉಬ್ಬಿ, ಇಳಿದು, ಹುಳಿಯಾಗಿರುತ್ತದೆ. ಅಂಥ ಕಡೆ ರಾತ್ರಿಗೆ 1:5:5 ಅಥವಾ ಅದಕ್ಕಿಂತಲೂ ಹೆಚ್ಚು ಹಿಟ್ಟು ಬೇಕು. ಮೈದಾದ ಬದಲು ಗೋಧಿ ಹಿಟ್ಟು ಬಳಸಿದರೆ ಹುದುಗು ಇನ್ನಷ್ಟು ಬೇಗ ಬರುತ್ತದೆ, ಮಿಶ್ರಣವೂ ಗಟ್ಟಿಯಾಗಿರುತ್ತದೆ.

ಜಾಡಿಯ ಹೊರಗೆ ಉಣಿಸಿದ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಉಬ್ಬನ್ನು ಅಳೆಯಬಹುದು. ಎರಡು ಪಟ್ಟಿಗೂ ಮೀರಿ ಏರಿ, ಮೇಲ್ಮೈ ಗುಮ್ಮಟದಂತಿದ್ದು ಇನ್ನೇನು ಚಪ್ಪಟೆಯಾಗಲಿದೆ ಎನ್ನುವಾಗ ಅದು ಹದಕ್ಕೆ ಬಂದಿದೆ. ನಡು ಕುಸಿದು ಜಾಡಿಯ ಒಳಗೋಡೆಯಲ್ಲಿ ಗೆರೆ ಉಳಿದಿದ್ದರೆ ಹದ ದಾಟಿದೆ. ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆಯೂ ಮೇಲೆ ನಿಂತ ಕಂದು ನೀರೂ ಹಸಿವಿನ ಗುರುತುಗಳು. ಆಗ 1:5:5ರಂತೆ ಒಂದೆರಡು ಬಾರಿ ಉಣಿಸಿದರೆ ಹಳೆಯ ಆಮ್ಲ ತಿಳಿಯಾಗುತ್ತದೆ. ಆದರೆ ವಾಸನೆಯೂ ಇಲ್ಲ, ಉಬ್ಬೂ ಇಲ್ಲ ಎಂದಾದರೆ ಕಾರಣ ತದ್ವಿರುದ್ಧ: ಯೀಸ್ಟ್ ಬೆಳೆಯುವ ಮೊದಲೇ ಮತ್ತೆ ಮತ್ತೆ ಹಿಟ್ಟು ಸುರಿದು ಅದನ್ನು ತೆಳುವಾಗಿಸಲಾಗಿದೆ. ಅಲ್ಲಿ ಕಾಯುವುದೇ ಮದ್ದು. ಗುಲಾಬಿ ಅಥವಾ ಕಿತ್ತಳೆ ಗೆರೆ, ಬೂಸ್ಟು ಕಂಡರೆ ಮಾತ್ರ ಪೂರ್ತಿ ಎಸೆಯಬೇಕು.

ಬೇಯಿಸುವ ಮುನ್ನ ಬೆಳೆಸುವಾಗ ಲೆಕ್ಕವನ್ನು ಕೊನೆಯಿಂದ ಹಿಡಿಯಬೇಕು. ಎರಡು ಬ್ರೆಡ್ಡಿಗೆ 200 ಗ್ರಾಂ ಸ್ಟಾರ್ಟರ್ ಬೇಕು ಎಂದುಕೊಳ್ಳೋಣ. ಮುಂದಿನ ಬಾರಿಗೆ 20 ಗ್ರಾಂ ಉಳಿಯಬೇಕು, ಅಂದರೆ ಒಟ್ಟು 220. ರಾತ್ರಿಯಿಡೀ ಇಡಲು 1:5:5 ಆರಿಸಿದರೆ ಪಾಲುಗಳು ಹನ್ನೊಂದು. 220ನ್ನು 11ರಿಂದ ಭಾಗಿಸಿದರೆ 20. ಹಾಗಾಗಿ 20 ಗ್ರಾಂ ಸ್ಟಾರ್ಟರ್, 100 ಗ್ರಾಂ ನೀರು, 100 ಗ್ರಾಂ ಹಿಟ್ಟು.

ಫ್ರಿಜ್ಜಿನಿಂದ ತೆಗೆದ ಸ್ಟಾರ್ಟರ್ ಜಡವಾಗಿರುವುದರಿಂದ ಒಮ್ಮೆಗೇ ಇಷ್ಟು ಹಿಟ್ಟು ಕೊಡಬಾರದು. ಹಿಂದಿನ ದಿನ ಮಧ್ಯಾಹ್ನ ಅದರಿಂದ 10 ಗ್ರಾಂ ತೆಗೆದು, 10 ಗ್ರಾಂ ನೀರು ಮತ್ತು 10 ಗ್ರಾಂ ಹಿಟ್ಟು ಸೇರಿಸಬೇಕು. ಅದು ಉಬ್ಬಿದ ಮೇಲೆ, ರಾತ್ರಿ, 20 ಗ್ರಾಂ ತೆಗೆದುಕೊಂಡು ಮೇಲಿನ ಲೆಕ್ಕದಂತೆ ಕಲಸಬೇಕು. ಉಬ್ಬದೆ ಹೋದರೆ ಇನ್ನೊಮ್ಮೆ 1:1:1 ಉಣಿಸಿ, ಬೇಯಿಸುವುದನ್ನು ಮುಂದೂಡುವುದು ಮೇಲು. ಮಂಕಾದ ಸ್ಟಾರ್ಟರ್‌ನಿಂದ ಬ್ರೆಡ್ ಗಟ್ಟಿಯಾಗಿ ಒಳಗೆ ಅಂಟಂಟಾಗುತ್ತದೆ.

ಈ 200 ಗ್ರಾಂನಲ್ಲಿ ಅರ್ಧ ಹಿಟ್ಟು, ಅರ್ಧ ನೀರು ಇರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬ್ರೆಡ್ಡಿಗೆ ಒಟ್ಟು 1000 ಗ್ರಾಂ ಹಿಟ್ಟು, 700 ಗ್ರಾಂ ನೀರು ಎಂದಿದ್ದರೆ ಬೆಳಗ್ಗೆ ಹೊಸದಾಗಿ ಹಾಕುವುದು 900 ಗ್ರಾಂ ಹಿಟ್ಟು, 600 ಗ್ರಾಂ ನೀರು, ಜೊತೆಗೆ 20 ಗ್ರಾಂ ಉಪ್ಪು. ಉಪ್ಪು ಬೀಳುವ ಮೊದಲೇ 20 ಗ್ರಾಂ ಸ್ಟಾರ್ಟರ್ ತೆಗೆದಿಟ್ಟು, 1:1:1ರಲ್ಲಿ ಉಣಿಸಿ, ಒಂದು ಗಂಟೆ ಹೊರಗಿಟ್ಟು ಫ್ರಿಜ್ಜಿಗೆ ಸೇರಿಸಬೇಕು. ಅಲ್ಲಿ ಅದಕ್ಕೆ ವಾರಕ್ಕೊಮ್ಮೆ ಉಣಿಸಿದರೆ ಸಾಕು.