ಒಂದೇ ಬೇಸ್ ಪ್ಲಾನ್, ನಾಲ್ವರ ಕೆಲಸ

ಬೆಂಗಳೂರಿನ ಹೊರವಲಯದಲ್ಲಿ ಎಂಟು ಎಕರೆಯ ಕಾಲೇಜು ಆವರಣವೊಂದು ಸಿದ್ಧವಾಗುತ್ತಿದೆ ಎಂದಿಟ್ಟುಕೊಳ್ಳಿ. ಸರ್ವೆಯವರು ಗಡಿ, ರಸ್ತೆ, ಮರ, ಬಾವಿಗಳನ್ನೆಲ್ಲ ಅಳೆದು ಆಟೊಕ್ಯಾಡ್‌ನಲ್ಲಿ ಬೇಸ್ ಪ್ಲಾನ್ ಮಾಡಿಕೊಟ್ಟಿದ್ದಾರೆ. ಆರ್ಕಿಟೆಕ್ಟ್, ಚರಂಡಿಯ ಎಂಜಿನಿಯರ್, ವಿದ್ಯುತ್ ಎಂಜಿನಿಯರ್, ಗಿಡಮರ ನೆಡುವ ವಿನ್ಯಾಸಕರು ನಾಲ್ವರೂ ಅದನ್ನು ತಮ್ಮ ತಮ್ಮ ಫೈಲಿಗೆ ಕಾಪಿ ಮಾಡಿಕೊಂಡರು. ತಿಂಗಳ ನಂತರ ರಸ್ತೆಯ ಅಂಚು ಒಂದೂವರೆ ಮೀಟರ್ ಒಳಗೆ ಸರಿಯಿತು. ಸುದ್ದಿ ಮೂವರಿಗೆ ಮುಟ್ಟಿತು, ಒಬ್ಬರಿಗೆ ಮುಟ್ಟಲಿಲ್ಲ. ಚರಂಡಿಯ ಗುಂಡಿ ರಸ್ತೆಯೊಳಗೇ ಬಂದಿರುವುದು ಅಗೆಯುವ ದಿನವಷ್ಟೇ ಗೊತ್ತಾಗುತ್ತದೆ.

ಇದನ್ನು ತಪ್ಪಿಸುವುದು ಎಕ್ಸ್‌ಟರ್ನಲ್ ರೆಫರೆನ್ಸ್, ಕಚೇರಿಗಳ ಮಾತಿನಲ್ಲಿ ಎಕ್ಸ್‌ರೆಫ್. ಇಲ್ಲಿ ಬೇಸ್ ಪ್ಲಾನಿನ ಗೆರೆಗಳು ನಿಮ್ಮ ಫೈಲಿನೊಳಗೆ ಬರುವುದಿಲ್ಲ. ಆ ಫೈಲ್ ಎಲ್ಲಿದೆ, ಅದನ್ನು ಎಲ್ಲಿ ಕೂರಿಸಬೇಕು ಎಂಬುದಷ್ಟೇ ದಾಖಲಾಗುತ್ತದೆ. ನೀವು ಡ್ರಾಯಿಂಗ್ ತೆರೆದಾಗಲೆಲ್ಲ ಆಟೊಕ್ಯಾಡ್ ಅಲ್ಲಿಗೆ ಹೋಗಿ, ಕೊನೆಯದಾಗಿ ಸೇವ್ ಆದ ನಕ್ಷೆಯನ್ನು ಅಡಿಯಲ್ಲಿ ತೋರಿಸುತ್ತದೆ. ಹಿಂದೆ ಮೂಲ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಗೆರೆ ಎಳೆಯುತ್ತಿದ್ದರಲ್ಲ, ಹಾಗೆಯೇ. ಬೇಸ್ ಪ್ಲಾನ್ ತಿದ್ದುವ ಹಕ್ಕು ಒಬ್ಬರಿಗೆ ಮಾತ್ರ. ಉಳಿದವರು ನೋಡುತ್ತಾರೆ, ಅದರ ಮೇಲೆ ತಮ್ಮ ಕೆಲಸ ಮಾಡುತ್ತಾರೆ. ಬೇರೆಯವರು ತಮ್ಮ ಡ್ರಾಯಿಂಗಿನಿಂದಲೇ ಬೇಸ್ ಪ್ಲಾನನ್ನು ತಿದ್ದಲು REFEDIT ಎಂಬ ದಾರಿಯಿದೆ. ಬೇಸ್ ಫೈಲಿನಲ್ಲಿ XEDIT ಅನ್ನು 0 ಮಾಡಿಟ್ಟರೆ ಆ ದಾರಿ ಮುಚ್ಚುತ್ತದೆ.

ಜೋಡಿಸುವಾಗ XATTACH ಕೊಟ್ಟು ಫೈಲ್ ಆರಿಸಿ, ಇನ್‌ಸರ್ಷನ್ ಪಾಯಿಂಟ್ 0,0,0, ಸ್ಕೇಲ್ 1, ತಿರುವು 0 ಎಂದು ಇಡಬೇಕು. ನಾಲ್ವರೂ ಹೀಗೆ ಮಾಡಿದರೆ ಎಲ್ಲರ ಗೆರೆಗಳೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಹೆಚ್ಚಿನ ಎಡವಟ್ಟು ಆಗುವುದೂ ಇಲ್ಲಿಯೇ. ಯುಟಿಎಂ ಪದ್ಧತಿಯ ಸರ್ವೆಯಲ್ಲಿ ಬೆಂಗಳೂರಿನ ಉತ್ತರದ ಅಂಕಿ 14 ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೂರದಲ್ಲಿ, ಅದೂ ಓರೆಯಾಗಿ ಕೂತ ನಿವೇಶನವನ್ನು ಕಂಡು, ಯಾರಾದರೂ ಅನುಕೂಲಕ್ಕೆಂದು ಹತ್ತಿರ ಎಳೆದು ನೇರ ಮಾಡಿಬಿಡುತ್ತಾರೆ. ಅಲ್ಲಿಗೆ ಉಳಿದ ಮೂವರೊಂದಿಗೆ ಅವರ ಹೊಂದಾಣಿಕೆ ತಪ್ಪಿತು. ನಕ್ಷೆಯನ್ನು ಕದಲಿಸದೆ, ತಮ್ಮ ಫೈಲಿನಲ್ಲಿ UCS ತಿರುಗಿಸಿ PLAN ಕೊಟ್ಟರೆ ಪರದೆಯ ಮೇಲೆ ಮಾತ್ರ ನೇರವಾಗಿ ಕಾಣುತ್ತದೆ. ಅಳತೆಯ ಮಾನವೂ ಅಷ್ಟೇ ಮುಖ್ಯ. ಸರ್ವೆ ಮೀಟರಿನಲ್ಲಿದ್ದು, ಕಟ್ಟಡದ ನಕ್ಷೆ ಮಿಲಿಮೀಟರಿನಲ್ಲಿದ್ದರೆ ಸಾವಿರ ಪಟ್ಟು ವ್ಯತ್ಯಾಸ. ಜೋಡಿಸಿದ ಕೂಡಲೇ, ಉದ್ದ ಗೊತ್ತಿರುವ ಒಂದು ಕಾಂಪೌಂಡ್ ಗೋಡೆಯನ್ನು DIST ಕೊಟ್ಟು ಅಳೆದರೆ ತಪ್ಪು ತಕ್ಷಣ ಸಿಗುತ್ತದೆ.

ಅದೇ ಪೆಟ್ಟಿಗೆಯಲ್ಲಿ Attachment, Overlay ಎಂಬ ಎರಡು ಆಯ್ಕೆಗಳಿರುತ್ತವೆ. ಚರಂಡಿಯ ಎಂಜಿನಿಯರ್ ಬೇಸ್ ಪ್ಲಾನ್ ಜೊತೆಗೆ, ಮರದ ಬೇರು ಎಲ್ಲಿ ಬರುತ್ತದೆಂದು ನೋಡಲು ಗಿಡಮರದ ಡ್ರಾಯಿಂಗನ್ನೂ ಜೋಡಿಸಿಕೊಂಡರೆನ್ನಿ. ಗಿಡಮರದವರು Attachment ಆರಿಸಿದ್ದರೆ ಅವರ ಬೆನ್ನಿಗೆ ಅಂಟಿಕೊಂಡು ಬೇಸ್ ಪ್ಲಾನ್ ಇನ್ನೊಮ್ಮೆ ಬರುತ್ತದೆ. ಹಾಗೆ ಬಂದದ್ದನ್ನು ಚರಂಡಿಯವರು Detach ಮಾಡಲು ಹೋದರೂ ಆಗದು. Overlay ಆರಿಸಿದ್ದರೆ ಬೇಸ್ ಪ್ಲಾನ್ ಗಿಡಮರದ ಫೈಲಿನಲ್ಲೇ ಉಳಿಯುತ್ತದೆ. ಎಲ್ಲರೂ ಹಂಚಿಕೊಳ್ಳುವ ಬೇಸ್ ಪ್ಲಾನಿಗೆ Overlay ಸರಿ.

ಈಗ ರಸ್ತೆ ಸರಿದ ಪ್ರಸಂಗಕ್ಕೆ ಬರೋಣ. ಸರ್ವೆಯವರು ಬೇಸ್ ಫೈಲಿನಲ್ಲಿ ಅಂಚನ್ನು ಸರಿಸಿ ಸೇವ್ ಮಾಡುತ್ತಾರೆ. ಉಳಿದವರ ಪರದೆಯ ಕೆಳಮೂಲೆಯಲ್ಲಿ ಎಕ್ಸ್‌ರೆಫ್ ಬದಲಾಗಿದೆ ಎಂಬ ಸೂಚನೆ ಮೂಡುತ್ತದೆ. Reload ಒತ್ತಿದರೆ ಹೊಸ ರಸ್ತೆ ಕಾಣುತ್ತದೆ. ಆದರೆ ಅವರು ಎಳೆದ ಚರಂಡಿ, ನೆಟ್ಟ ದೀಪದ ಕಂಬ ಮೊದಲಿದ್ದಲ್ಲೇ ಇರುತ್ತವೆ. ಎಕ್ಸ್‌ರೆಫ್ ಬದಲಾವಣೆಯನ್ನು ತೋರಿಸುತ್ತದೆಯೇ ಹೊರತು ಯಾರ ವಿನ್ಯಾಸವನ್ನೂ ತಿದ್ದುವುದಿಲ್ಲ. ನೂರಾರು ಗೆರೆಗಳ ನಡುವೆ ಒಂದೂವರೆ ಮೀಟರ್ ಕಣ್ಣಿಗೆ ಬೀಳದೆಯೂ ಹೋಗಬಹುದು. ಆದ್ದರಿಂದ ತಿದ್ದಿದವರು ಬದಲಾದ ಜಾಗದ ಸುತ್ತ REVCLOUD ಎಳೆದು, ಪಕ್ಕದಲ್ಲಿ ತಾರೀಖು ಬರೆದು, ಅದನ್ನು ಪ್ರತ್ಯೇಕ ಲೇಯರಿನಲ್ಲಿ ಇಡುವುದು ಒಳ್ಳೆಯದು. ನೋಡಿ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಫೈಲಿನಲ್ಲಿ ಆ ಲೇಯರನ್ನು ಫ್ರೀಜ್ ಮಾಡಿಕೊಳ್ಳಬಹುದು.

ಗುತ್ತಿಗೆದಾರರಿಗೆ ಬರೀ ಚರಂಡಿಯ ಫೈಲ್ ಕಳುಹಿಸಿದರೆ ಬೇಸ್ ಪ್ಲಾನ್ ಇರಬೇಕಾದಲ್ಲಿ ಒಂದು ಫೈಲಿನ ಹೆಸರಷ್ಟೇ ಕಾಣುತ್ತದೆ. ETRANSMIT ಕೊಟ್ಟರೆ ಸಂಬಂಧಪಟ್ಟ ಫೈಲುಗಳೆಲ್ಲ ಒಂದೇ ಕಟ್ಟಾಗುತ್ತವೆ. Bind ಮಾಡಿದರೆ ಬೇಸ್ ಪ್ಲಾನ್ ಫೈಲಿನೊಳಗೇ ಬೆರೆತು, `SITE-BASE|ROAD` ಎಂದಿದ್ದ ಲೇಯರ್ `SITE-BASE$0$ROAD` ಆಗುತ್ತದೆ. ಆ ಗುರುತು ಕಂಡರೆ, ಮೂಲದೊಂದಿಗಿನ ಕೊಂಡಿ ಕಳಚಿದೆ, ಇನ್ನು ಮುಂದಿನ ತಿದ್ದುಪಡಿ ಇದಕ್ಕೆ ಬರುವುದಿಲ್ಲ ಎಂದರ್ಥ. ಅಂಥ ಪ್ರತಿಯನ್ನು ತಾರೀಖು ಹಾಕಿ ಹೊರಗೆ ಕಳುಹಿಸಬೇಕು. ತಂಡದ ಕೆಲಸಕ್ಕೆ ಅದನ್ನು ಮತ್ತೆ ಬಳಸಿದರೆ, ಬೇಡವೆಂದು ಬಿಟ್ಟ ಹಳೆಯ ಕಾಪಿಯ ಪದ್ಧತಿಯೇ ಹಿಂತಿರುಗಿದಂತೆ.