ನಿಶ್ಚಲ ಚಿತ್ರದಲ್ಲಿ ಏಳುವ ಹಬೆ

ಬಿಜೂರಿನ ಚಹಾದಂಗಡಿಯಲ್ಲಿ ಒಂದು ಲೋಟ ಬಿಸಿ ಚಹಾ ಇದೆಯೆನ್ನೋಣ. ಚಿತ್ರದಲ್ಲಿ ಉಳಿದುದೆಲ್ಲ ಸ್ತಬ್ಧವಾಗಿದ್ದು, ಹಬೆ ಮಾತ್ರ ಕೊನೆಯಿಲ್ಲದೆ ಏಳುತ್ತಿರಬೇಕು. ಇಂತಹ ಚಿತ್ರಕ್ಕೆ 2011ರಲ್ಲಿ ನ್ಯೂಯಾರ್ಕಿನ ಜೇಮಿ ಬೆಕ್ ಮತ್ತು ಕೆವಿನ್ ಬರ್ಗ್ ‘ಸಿನಿಮಾಗ್ರಾಫ್’ ಎಂಬ ಹೆಸರನ್ನು ಬಳಕೆಗೆ ತಂದರು.

ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಕಪ್ಪು ಹಿನ್ನೆಲೆಯೆದುರು ಆರು ಸೆಕೆಂಡು ಚಿತ್ರೀಕರಿಸಬೇಕು. ಬಳಿಕ ಗಣಕಯಂತ್ರದಲ್ಲಿ ಅದರದೇ ಒಂದು ಸ್ಥಿರಚಿತ್ರವನ್ನು ಮೇಲೆ ಹೊದಿಸಿ, ಹಬೆಯಿರುವ ಭಾಗವನ್ನಷ್ಟೇ ಅಳಿಸಿದರೆ, ಆ ಕಿಂಡಿಯಲ್ಲಿ ಹಬೆಯಾಡುತ್ತದೆ.

ತೊಡಕಿರುವುದು ಬೆಸುಗೆಯಲ್ಲಿ. ಹಬೆ ಮೊದಲಿನ ಆಕಾರಕ್ಕೆ ಮರಳದು; ಕೊನೆಯಿಂದ ಮೊದಲಿಗೆ ಬರುವಾಗ ತಟಕ್ಕನೆ ನೆಗೆಯುತ್ತದೆ. ಹಿಮ್ಮುಖವಾಗಿ ಓಡಿಸಿದರೋ, ಲೋಟದೊಳಕ್ಕೇ ಇಳಿಯುತ್ತದೆ! ಆದುದರಿಂದ ಮೊದಲ ಸೆಕೆಂಡನ್ನು ಕತ್ತರಿಸಿ ಕೊನೆಯ ಸೆಕೆಂಡಿನ ಮೇಲಿರಿಸಿ, ಕೊನೆಯದು ಮಸುಕಾದಂತೆ ಮೊದಲಿನದು ಮೂಡುವಂತೆ ಮಾಡಬೇಕು. ಆಗ ಉಳಿಯುವ ಐದು ಸೆಕೆಂಡಿನ ತುಣುಕು ಮುಗಿದಲ್ಲಿಂದಲೇ ಮತ್ತೆ ಆರಂಭವಾಗುತ್ತದೆ. ಹಬೆಗೆ ಸ್ಪಷ್ಟ ಅಂಚಿಲ್ಲದ ಕಾರಣ ಬೆರಕೆ ಕಣ್ಣಿಗೆ ತಿಳಿಯದು. ಚಹಾ ಕಲಕುವ ಕೈಗೆ ಇದನ್ನೇ ಮಾಡಿದರೆ ಕ್ಷಣಕಾಲ ಎರಡು ಕೈಗಳು ಕಂಡಾವು.